ಹೊಲಿಗೆ ಉಚಿತ

ಟೇಪಣ್ಣ ಸ್ಟೂಲಿನ ಮೇಲೆ ಹತ್ತಿ ಕಿಟಕಿಯ ಅಗಲ ಅಳೆದ. ಇಳಿದು ಪರದೆಯ ಸರಳು ಬರುವಲ್ಲಿಂದ ನೆಲಕ್ಕೆ ಮೂರು ಕಡೆ ಅಳೆದ, ಎಡಕ್ಕೊಂದು, ನಡುವೆ ಒಂದು, ಬಲಕ್ಕೊಂದು. ಯಾವ ಮನೆಯ ನೆಲವೂ ಸಮವಾಗಿರುವುದಿಲ್ಲ, ಒಂದೇ ಅಳತೆ ನಂಬಿದರೆ ಪರದೆ ಒಂದು ಕಡೆ ನೆಲ ಗುಡಿಸುತ್ತದೆ, ಇನ್ನೊಂದು ಕಡೆ ಮೊಣಕಾಲು ತೋರಿಸುತ್ತದೆ. ಕೊರಳಲ್ಲಿ ಸದಾ ಟೇಪು ನೇತಾಡುತ್ತಿದ್ದುದರಿಂದ ಪೇಟೆಯವರು ಇಟ್ಟ ಹೆಸರು ಟೇಪಣ್ಣ. ಒಂದು ಕಾಲದಲ್ಲಿ ಅವನದೇ ಪರದೆ ಅಂಗಡಿಯಿತ್ತು. ಈಗ ಐವತ್ತೆರಡರ ವಯಸ್ಸಿನಲ್ಲಿ ಬೇರೆಯವರ ಅಂಗಡಿಗೆ ಅಳತೆ ತೆಗೆಯುವ ಸಂಬಳದಾಳು.

ಅವನು ಅಂದಾಜು ಪಟ್ಟಿ ಬರೆದು ಮನೆಯಾಕೆಯ ಕೈಗೆ ಕೊಟ್ಟ. ಅವನು ಕೆಲಸಕ್ಕಿದ್ದ ಅಂಗಡಿಯ ಮಾಲಕಿ ಬಲು ಕಟ್ಟುನಿಟ್ಟು. ಬಟ್ಟೆಗೆ ಒಂದು ಸಾಲು, ಒಳಪದರಕ್ಕೆ ಒಂದು, ಹೊಲಿಗೆಗೆ ಒಂದು, ಕೊಕ್ಕೆ ಮತ್ತು ಸರಳಿಗೆ ಒಂದು, ಜೋಡಿಸುವ ಕೂಲಿಗೆ ಒಂದು, ಹೀಗೆ ಎಲ್ಲ ಬೇರೆ ಬೇರೆ ಬರೆಯಲೇಬೇಕು. ಮನೆಯಾಕೆ ಮೂರನೆಯ ಸಾಲಿನ ಮೇಲೆ ಬೆರಳಿಟ್ಟು, ಬಟ್ಟೆ ನಿಮ್ಮಲ್ಲೇ ತಗೊಳ್ತಿದೀವಲ್ಲ, ಹೊಲಿಗೆಗೆ ಇಷ್ಟೊಂದಾ, ಮೊದಲು ಪೇಟೆಯಲ್ಲಿ ಒಂದು ಅಂಗಡಿಯವರು ಪುಕ್ಕಟೆ ಹೊಲಿದು ಕೊಡ್ತಿದ್ದರಲ್ಲ ಎಂದಳು.

ಆ ಅಂಗಡಿ ತನ್ನದೇ ಎಂದು ಅವನು ಹೇಳಲಿಲ್ಲ. ಗಿರಾಕಿಯ ಮುಂದೆ ಹೇಳುವ ಮಾತನ್ನು ರೂಢಿಯಂತೆ ಹೇಳಿದ.

“ಹೊಲಿಯೋರೂ ಊಟ ಮಾಡ್ಬೇಕಲ್ಲಮ್ಮ.”

ಆ ಮಾತು ಅವನ ಬಾಯಿಂದಲೇ ಬಂದಿತ್ತು, ಆದರೆ ಯಾರೋ ಎದುರಿಗೆ ನಿಂತು ಅವನಿಗೇ ಹೇಳಿದ ಹಾಗಾಯಿತು. ಮನೆಯಾಕೆ ಮುಂಗಡ ಎಣಿಸುತ್ತಿದ್ದಳು. ಅವನು ರಸೀದಿ ಬರೆದು, ಮೆಟ್ಟಿಲಿಳಿದು, ಬೀದಿಯ ಬದಿಯ ಕಟ್ಟೆಯ ಮೇಲೆ ಕುಳಿತುಬಿಟ್ಟ.

ಮಾರುವ ಬಟ್ಟೆಯಲ್ಲಿ ಅವನ ಅಂಗಡಿಗೂ ಬೇರೆಯವರ ಅಂಗಡಿಗೂ ವ್ಯತ್ಯಾಸವಿರಲಿಲ್ಲ. ಜನ ಮುಗಿಬಿದ್ದು ಬರುತ್ತಿದ್ದುದು ಬಾಗಿಲ ಮೇಲಿನ ‘ಹೊಲಿಗೆ ಉಚಿತ’ ಎಂಬ ಎರಡೇ ಶಬ್ದಕ್ಕೆ. ಉಚಿತ ಹೇಗೆ ಸಾಧ್ಯ ಎಂದು ಯಾರಾದರೂ ಕೇಳಿದರೆ ಮೀಸೆಯಡಿಯಲ್ಲಿ ನಕ್ಕು, ಅದೇ ನಮ್ಮ ಗುಟ್ಟು ಎನ್ನುತ್ತಿದ್ದ. ಗುಟ್ಟೂ ಇಲ್ಲ, ಮಣ್ಣೂ ಇಲ್ಲ. ಮನೆಯ ಹಿಂದಿನ ಕೋಣೆಯಲ್ಲಿ ಅವನ ಅಕ್ಕ ಕುಳಿತು ಹೊಲಿಯುತ್ತಿದ್ದಳು. ಅಷ್ಟೇ ಸಂಗತಿ.

ಅಕ್ಕ ಅವನಿಗಿಂತ ಏಳು ವರ್ಷ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ಒಂದು ಪೆಟ್ಟಿಗೆ, ಒಂದು ಹೊಲಿಗೆ ಮಷಿನ್ ಹಿಡಿದು ತಮ್ಮನ ಮನೆಗೆ ಬಂದಿದ್ದಳು. ಅವನ ಮದುವೆ ಅಂಗಡಿಯ ಗಡಿಬಿಡಿಯಲ್ಲಿ ಮುಂದಕ್ಕೆ ಹೋಗುತ್ತಾ ಹೋಗುತ್ತಾ ಹೋಗಿಯೇಬಿಟ್ಟಿತ್ತು. ಹಾಗಾಗಿ ಮನೆಯಲ್ಲಿ ಇಬ್ಬರೇ. ಬೆಳಗಿನ ಅಡುಗೆ ಮುಗಿಸಿ ಅಕ್ಕ ಮಷಿನ್ನಿಗೆ ಕೂತರೆ ದೀಪ ಹಚ್ಚುವವರೆಗೂ ಏಳುತ್ತಿರಲಿಲ್ಲ. ಐದಡಿ ಅಗಲದ ಕಿಟಕಿಗೆ ಹನ್ನೆರಡೂವರೆ ಅಡಿ ಅಗಲದ ಬಟ್ಟೆ ಬೇಕು, ಎರಡೂವರೆ ಪಟ್ಟು ಇದ್ದರೇ ನೆರಿಗೆ ತುಂಬಿ ಬೀಳುವುದು. ಅದನ್ನೆಲ್ಲ ಕತ್ತರಿಸಿ, ಒಂದು ತುಂಡಿನ ಹೂವು ಪಕ್ಕದ ತುಂಡಿನ ಹೂವಿಗೆ ಕೂಡುವಂತೆ ಜೋಡಿಸಿ, ಕೆಳಗೆ ನಾಲ್ಕು ಬೆರಳಿನ ಮಡಿಕೆ ಎರಡು ಸುತ್ತು ಹಾಕಿ, ಮೇಲೆ ದಪ್ಪ ಪಟ್ಟಿಯಿಟ್ಟು ನೆರಿಗೆ ಹಿಡಿಯಬೇಕು. ಒಳಪದರದ ಬಟ್ಟೆಯನ್ನು ಹಿಂದಿನ ದಿನವೇ ನೀರಲ್ಲಿ ನೆನೆಸಿ ಒಣಗಿಸಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅದು ಕುಗ್ಗಿ ಪರದೆ ಸುಕ್ಕುಗಟ್ಟುತ್ತದೆ. ಇದನ್ನೆಲ್ಲ ಅಕ್ಕ ಹನ್ನೊಂದು ವರ್ಷ ಮಾಡಿದಳು. ಅವಳು ಬಟ್ಟೆ ನೆನೆಸುತ್ತಾಳೆ ಎನ್ನುವುದೂ ಟೇಪಣ್ಣನಿಗೆ ಗೊತ್ತಿರಲಿಲ್ಲ. ಬಚ್ಚಲಲ್ಲಿ ಬಕೆಟ್ಟು ಅಡ್ಡ ಬಂದಾಗ ಬೈದದ್ದು ಮಾತ್ರ ನೆನಪಿದೆ.

ಹತ್ತನೆಯ ವರ್ಷ ಅವಳ ಬಲಗೈ ಬೆರಳು ಜೋಮು ಹಿಡಿಯತೊಡಗಿತು. ಬೆಳಿಗ್ಗೆ ಎದ್ದು ಬಿಸಿನೀರಲ್ಲಿ ಕೈ ಅದ್ದಿಕೊಂಡು ಕೂರುತ್ತಿದ್ದಳು. ಒಬ್ಬಳನ್ನು ಸಹಾಯಕ್ಕೆ ಇಟ್ಟುಕೊಳ್ಳೋಣ ಎಂದಳು. ನೋಡೋಣ ಎಂದ. ಆರು ತಿಂಗಳು ಬಿಟ್ಟು, ನನಗೂ ತಿಂಗಳಿಗೆ ಇಷ್ಟು ಅಂತ ಕೊಡು, ನನ್ನ ಕೈಖರ್ಚಿಗೂ ನಿನ್ನ ಮುಖ ನೋಡಬೇಕು ಎಂದಳು. ಅವನು ಆಗ ತಾನೇ ದೊಡ್ಡ ರಸ್ತೆಯಲ್ಲಿ ಗಾಜಿನ ಬಾಗಿಲಿನ ಅಂಗಡಿಗೆ ಠೇವಣಿ ಕಟ್ಟಿ ಬಂದಿದ್ದ. ನೆಲದ ಮೇಲೆ ಕಾಲೇ ನಿಲ್ಲದ ದಿನ.

“ಮನೇಲಿ ಸುಮ್ನೆ ಕೂತು ಹೊಲಿಯೋದಕ್ಕೆ ಕೂಲಿ ಬೇರೆ ಕೊಡ್ಬೇಕಾ?” ಎಂದ.

ಅಕ್ಕ ಜಗಳವಾಡಲಿಲ್ಲ. ಕೈಯಲ್ಲಿದ್ದ ಪರದೆಯನ್ನು ಕೊನೆಯವರೆಗೆ ಹೊಲಿದು, ಮಡಿಸಿಟ್ಟು, ಎಂಟು ದಿನದಲ್ಲಿ ಊರಿನ ಆಚೆ ತುದಿಯ ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಕೆಲಸ ಹಿಡಿದಳು. ಹಾಸಿಗೆ ಬಟ್ಟೆ, ರೋಗಿಗಳ ಅಂಗಿ ಹೊಲಿಯುವ ಕೆಲಸ. ಹತ್ತಿರದಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದಳು. ಹೋಗಲಿ ಬಿಡು, ಹೊಲಿಯುವವರಿಗೇನು ಬರವೇ ಎಂದು ಅವನು ಮೂವರು ದರ್ಜಿಗಳನ್ನಿಟ್ಟುಕೊಂಡ.

ಅಲ್ಲಿಂದ ಅಂಗಡಿ ನಿಂತದ್ದು ಹದಿನಾಲ್ಕೇ ತಿಂಗಳು. ಗಿರಾಕಿ ಕೊಡುವ ನೂರರಲ್ಲಿ ಬಟ್ಟೆಯ ಅಸಲು, ಬಾಡಿಗೆ, ಓಡಾಟ ಎಲ್ಲ ಕಳೆದು ಅವನಿಗೆ ಉಳಿಯುತ್ತಿದ್ದುದು ಹತ್ತು. ದರ್ಜಿಗಳ ಕೂಲಿ ಇಪ್ಪತ್ತು. ಅಂದರೆ ಹೊಲಿದ ಒಂದೊಂದು ಪರದೆಯೂ ಅವನ ಜೇಬನ್ನೇ ಕತ್ತರಿಸುತ್ತಿತ್ತು, ಕೆಲಸ ಹೆಚ್ಚಿದಷ್ಟೂ ನಷ್ಟ ಹೆಚ್ಚು. ಆದರೆ ಅದು ಕಣ್ಣಿಗೆ ಕಾಣುತ್ತಿರಲಿಲ್ಲ. ಅರ್ಧ ದುಡ್ಡು ಮುಂಗಡವಾಗಿ ಬರುತ್ತಿತ್ತಲ್ಲ! ಹೊಸ ಗಿರಾಕಿಯ ಮುಂಗಡದಲ್ಲಿ ಹಳೆ ಗಿರಾಕಿಯ ಬಟ್ಟೆಯ ಬಾಕಿ ತೀರಿಸುತ್ತ, ಗಲ್ಲಾಪೆಟ್ಟಿಗೆ ತುಂಬಿದ್ದನ್ನು ಲಾಭವೆಂದೇ ತಿಳಿದ. ಕೈ ಕಚ್ಚಿದಾಗ ಬೋರ್ಡಿನಿಂದ ಆ ಎರಡು ಶಬ್ದ ಅಳಿಸುವ ಧೈರ್ಯ ಬರಲಿಲ್ಲ, ಅದಕ್ಕಾಗಿಯೇ ಜನ ಬರುತ್ತಿದ್ದದ್ದು. ಬದಲಿಗೆ ಬಟ್ಟೆಯಲ್ಲಿ ಉಳಿಸಹೊರಟ. ಎರಡೂವರೆ ಪಟ್ಟು ಒಂದೂವರೆಗೆ ಇಳಿಯಿತು, ನಾಲ್ಕು ಬೆರಳಿನ ಮಡಿಕೆ ಎರಡಾಯಿತು. ಪರದೆಗಳು ನೆರಿಗೆಯಿಲ್ಲದೆ ಒಣಹಾಕಿದ ಹೊದಿಕೆಯಂತೆ ನೇತಾಡಿದವು. ನೆನೆಸದ ಒಳಪದರ ಕುಗ್ಗಿತು. ಬೈಯುತ್ತ ವಾಪಸು ತಂದವರೇ ಹೆಚ್ಚು.

ಗಾಜಿನ ಬಾಗಿಲು ಮುಚ್ಚಿತು. ಆಗ ಅವನು ದರ್ಜಿಗಳನ್ನು ಕಳ್ಳರೆಂದ, ಎದುರಿನ ದೊಡ್ಡ ಮಳಿಗೆಯವರನ್ನು ಪಾಪಿಗಳೆಂದ, ತನ್ನ ಗ್ರಹಚಾರ ಸರಿಯಿಲ್ಲವೆಂದ. ಎರಡು ವರ್ಷ ಇದೇ ರಾಗ. ಕೇಳುವವರು ಒಬ್ಬೊಬ್ಬರಾಗಿ ಕಳಚಿಕೊಂಡರು. ಮನೆ ಬಿಟ್ಟು ಒಂಟಿ ಕೋಣೆಗೆ ಬಂದ. ಭಾನುವಾರಗಳಂದು ಬೆಳಗಿನಿಂದ ಸಂಜೆಯವರೆಗೆ ಒಂದು ಮಾತೂ ಆಡದೆ ದಿನ ಕಳೆಯುತ್ತಿತ್ತು. ಸುಮ್ಮನೆ ದನಿ ಇದೆಯೋ ಇಲ್ಲವೋ ನೋಡೋಣವೆಂದು ಒಮ್ಮೆ ಕೆಮ್ಮುತ್ತಿದ್ದ. ಅಕ್ಕನ ಬಳಿಗೆ ಹೋಗಬಹುದಿತ್ತು. ಹೋದರೆ ಸೋತ ಮುಖ ತೋರಿಸಬೇಕು, ಅದಕ್ಕೇ ಹೋಗಿರಲಿಲ್ಲ.

ಕಟ್ಟೆಯ ಮೇಲೆ ಕುಳಿತವನು ಎದ್ದು ಆಸ್ಪತ್ರೆಯ ಕಡೆಯ ಬಸ್ಸು ಹತ್ತಿದ.

ಹೊಲಿಗೆ ಕೋಣೆಯಲ್ಲಿ ಆರು ಮಷಿನ್‌ಗಳು ಸದ್ದು ಮಾಡುತ್ತಿದ್ದವು. ಅಕ್ಕ ಕತ್ತರಿಸುವ ಮೇಜಿನ ಬಳಿ ನಿಂತಿದ್ದಳು. ಕೂದಲು ಪೂರ್ತಿ ನೆರೆತಿತ್ತು. ಬಲಗೈಗೆ ಪಟ್ಟಿ ಸುತ್ತಿತ್ತು. ಅವನನ್ನು ನೋಡಿದರೂ ಕೆಲಸ ನಿಲ್ಲಿಸಲಿಲ್ಲ, ಊಟದ ಹೊತ್ತಿನವರೆಗೆ ಕಾಯಬೇಕು ಎಂದು ಬೆಂಚು ತೋರಿಸಿದಳು. ಮುಕ್ಕಾಲು ಗಂಟೆ ಕಾದ. ಆಮೇಲೆ ಅಂಗಳದ ನೆರಳಿನಲ್ಲಿ ಕುಳಿತು, ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ಅಂಗಡಿ ಮುಚ್ಚಿ ಈಗ ಸಂಬಳಕ್ಕಿದ್ದೇನೆ, ಹೊಲಿಗೆಯ ಕೂಲಿ ಲೆಕ್ಕಕ್ಕೆ ಹಿಡಿಯದೆ ದರ ಕಟ್ಟಿದ್ದೇ ತಪ್ಪು, ಮೊದಲ ದಿನದಿಂದ ನಿನಗೆ ಕೊಟ್ಟಿದ್ದರೆ ನಿಜವಾದ ದರ ಗೊತ್ತಾಗುತ್ತಿತ್ತು, ಅಂಗಡಿ ಉಳಿಯುತ್ತಿತ್ತು ಎಂದ.

ಅಕ್ಕ ಊಟದ ಡಬ್ಬಿಯ ಮುಚ್ಚಳ ಹಾಕಿದಳು.

“ಅಂಗಡಿ ಉಳೀತಿತ್ತು ಅಂತ ಸಂಕಟ ನಿಂಗೆ. ನನ್ನ ಹನ್ನೊಂದು ವರ್ಷ?”

ಅವನು ದೊಡ್ಡ ಪಾಠ ಕಲಿತು ಬಂದೆನೆಂದುಕೊಂಡಿದ್ದ, ಅದೂ ಗಲ್ಲಾಪೆಟ್ಟಿಗೆಯ ಪಾಠವೇ ಆಗಿತ್ತು. ಪಟ್ಟಿ ಸುತ್ತಿದ ಅವಳ ಬಲಗೈಯನ್ನು ನೋಡಿ, ಕೈ ಹೇಗಿದೆ ಎಂದು ಕೇಳಿದ. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಮುಂದಿನ ಸೋಮವಾರ ಸಣ್ಣ ಆಪರೇಷನ್ ಎಂದಳು. ಜೊತೆಗೆ ಯಾರಿರುತ್ತಾರೆ ಎಂದರೆ, ಪಕ್ಕದ ಮಷಿನ್ನಿನವಳನ್ನು ಕೇಳಬೇಕು, ಅವಳಿಗೂ ಮನೆಯಿದೆ ಎಂದಳು.

“ನಾನಿರ್ತೀನಿ ಅಕ್ಕ.”

“ರಜೆ ಹಾಕಿದ್ರೆ ನಿನ್ನ ಸಂಬಳ ಹಿಡೀತಾರೆ.”

“ಹಿಡೀಲಿ.”

ಮಾಲಕಿ ಹನ್ನೆರಡು ದಿನ ರಜೆ ಕೊಟ್ಟಳು, ಸಂಬಳ ಹಿಡಿದೇ ಕೊಟ್ಟಳು. ಕೈಗೆ ಕಟ್ಟು ಹಾಕಿಸಿಕೊಂಡು ಬಂದ ಅಕ್ಕನಿಗೆ ಗಾಯದ ಹೊಲಿಗೆ ಬಿಚ್ಚುವವರೆಗೆ ನೀರು ಸೋಕುವಂತಿರಲಿಲ್ಲ. ಟೇಪಣ್ಣ ಅವಳ ಕೋಣೆಯಲ್ಲಿ ಅಡುಗೆ ಮಾಡಿದ, ಪಾತ್ರೆ ತೊಳೆದ, ನೀರು ತಂದ, ನೆಲ ಒರೆಸಿದ. ಒರೆಸಿದ ಮೇಲೆ ಅಕ್ಕ ಮಂಚದ ಕೆಳಗೆ ಬೆರಳು ತೋರಿಸಿದಳು, ಅಲ್ಲಿ ಇನ್ನೊಮ್ಮೆ ಒರೆಸಿದ. ಬೆಳಿಗ್ಗೆ ಮಾಡಿದ್ದು ಮಧ್ಯಾಹ್ನಕ್ಕೆ ಹಾಗೆಯೇ ಮತ್ತೆ ಎದುರಿಗೆ ನಿಲ್ಲುತ್ತಿತ್ತು. ಅಳತೆ ತೆಗೆದು ರಸೀದಿ ಬರೆದರೆ ಒಂದು ಕೆಲಸ ಮುಗಿಯಿತು ಎಂದಾದರೂ ಅನ್ನಿಸುತ್ತದೆ. ಇದಕ್ಕೆ ಮುಕ್ತಾಯವೇ ಇರಲಿಲ್ಲ, ನೋಡಿ ಭಲೇ ಎನ್ನುವವರೂ ಇರಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಹೊದಿಕೆ ಒಗೆದು ಹಿಂಡುತ್ತಿದ್ದಾಗ ಅವನ ಸೊಂಟ ಹಿಡಿದುಕೊಂಡಿತು. ಗೋಡೆಗೆ ಕೈಯೂರಿ ನಿಂತ. ಮಂಚದ ಮೇಲಿದ್ದ ಅಕ್ಕ ನೋಡಿದಳು.

“ಸಾಕು ಬಿಡೋ. ಸ್ವಲ್ಪ ಹೊತ್ತು ಕೂತ್ಕೋ ಬಾ.”

ಅವನ ಕೈಯಿಂದ ಹೊದಿಕೆ ಜಾರಿ ಬಕೆಟ್ಟಿಗೆ ಬಿತ್ತು. ಇಷ್ಟೇ ಇಷ್ಟು ಮಾತು. ಇದನ್ನು ಅವಳಿಗೆ ಹನ್ನೊಂದು ವರ್ಷದಲ್ಲಿ ಒಂದು ದಿನ, ಒಂದೇ ಒಂದು ದಿನವೂ ತಾನು ಹೇಳಿರಲಿಲ್ಲ. ಅವನಿಗೆ ಅಳು ತಡೆಯಲಾಗಲಿಲ್ಲ. ಗಂಡಸು, ವಯಸ್ಸಾದವನು ಎಂಬ ಸಂಕೋಚವೂ ಇಲ್ಲದೆ ಬಿಕ್ಕಿದ. ನಾನು ನಿನಗೆ ಒಂದು ದಿನವೂ ಹೀಗೆ ಹೇಳಲಿಲ್ಲವಲ್ಲ ಅಕ್ಕ ಎಂದ.

“ಹೇಳಿರಲಿಲ್ಲ,” ಎಂದಳು ಅಕ್ಕ. ಪರವಾಗಿಲ್ಲ ಎಂದು ಅವಳು ಸಮಾಧಾನ ಹೇಳಲಿಲ್ಲ. ಕಟ್ಟು ಹಾಕಿದ ಕೈಯನ್ನು ಎದೆಗೊತ್ತಿಕೊಂಡು ಗೋಡೆಯ ಕಡೆಗೆ ಸರಿದು, ಮಂಚದ ಮೇಲೆ ಅವನು ಕೂರುವಷ್ಟು ಜಾಗ ಮಾಡಿದಳು.