ಅಳಿಸಿಹೋದ ‘ಕೆಲವರು’

‘ಕೆಲವರು’ ಎಂಬ ಪದವನ್ನು ಕುಸುಮ ಬೋರ್ಡಿನಿಂದ ಅಳಿಸಿದ್ದು ಸೋಮವಾರ. ಬುಧವಾರ ಮಧ್ಯಾಹ್ನದ ಹೊತ್ತಿಗೆ ನಟರಾಜುವಿನ ಬಲಗೈ ಎರಡು ಕಡೆ ಮುರಿದಿತ್ತು.

ಹನೂರಿನ ಹೊರಗೆ, ಕೊಳ್ಳೇಗಾಲದ ರಸ್ತೆಯಲ್ಲಿರುವ ಒಂದು ಖಾಸಗಿ ಕಾಲೇಜಿನಲ್ಲಿ ಕುಸುಮ ಒಂಬತ್ತು ವರ್ಷದಿಂದ ಪಿಯುಸಿ ಮಕ್ಕಳಿಗೆ ಇತಿಹಾಸ ಹೇಳಿಕೊಡುತ್ತಿದ್ದಳು. ಎರಡು ಅಂಕದ ಪ್ರಶ್ನೆಗೆ ಪುಟ ತುಂಬಿಸುವವರನ್ನು ದಾರಿಗೆ ತರುವುದರಲ್ಲಿ ಅವಳದು ಎತ್ತಿದ ಕೈ. ಮೊದಲ ವಾಕ್ಯದಲ್ಲಿ ಅದೇನು ಎಂಬುದು ಬರಬೇಕು. ಎರಡನೆಯದರಲ್ಲಿ ಯಾವ ಕಾಲದ್ದು, ಏನಾಯಿತು ಎಂಬುದು. ಒಂದೊಂದಕ್ಕೆ ಒಂದೊಂದು ಅಂಕ. ಮೂರನೆಯ ವಾಕ್ಯ ಬರೆದರೆ ಸಮಯ ದಂಡ.

ಪರೀಕ್ಷೆಗೆ ಹದಿನೈದು ದಿನ ಉಳಿದಿತ್ತು. ‘ಪಾಳೆಯಗಾರ ಎಂದರೆ ಯಾರು?’ ಎಂದು ಕೇಳಿ ಎಲ್ಲರಿಂದಲೂ ಬರೆಸಿದಳು. ಗೋಪಿನಾಥಂನಿಂದ ಬಂದು ಹಾಸ್ಟೆಲಿನಲ್ಲಿ ಓದುತ್ತಿದ್ದ ನಟರಾಜು ಒಳ್ಳೆಯ ಉತ್ತರ ಬರೆದಿದ್ದ, ಆದರೆ ಉದ್ದ. ಅವಳು ಅದನ್ನು ಬೋರ್ಡಿಗೆ ಏರಿಸಿ, ಎಲ್ಲರೆದುರು ಕತ್ತರಿ ಆಡಿಸತೊಡಗಿದಳು.

ಮೊದಲ ವಾಕ್ಯ ಹಾಗೇ ಉಳಿಯಿತು: ‘ವಿಜಯನಗರದ ಅರಸರಿಗೆ ಕಪ್ಪ ಕೊಟ್ಟು, ಯುದ್ಧಕಾಲದಲ್ಲಿ ಸೈನ್ಯ ಒದಗಿಸಿ, ಒಂದು ಪಾಳೆಯಪಟ್ಟನ್ನು ಆಳುತ್ತಿದ್ದ ಸ್ಥಳೀಯ ನಾಯಕನೇ ಪಾಳೆಯಗಾರ.’ ಆಮೇಲೆ ಅವನು ಬರೆದದ್ದು ಹೀಗಿತ್ತು: ‘ವಿಜಯನಗರ ಬಿದ್ದ ಮೇಲೆ ಇವರಲ್ಲಿ ಹಲವರು ಸ್ವತಂತ್ರರಾದರು. ಕೆಲವರು ಕೆರೆ ಕಟ್ಟಿಸಿದರು. ಕೆಲವರು ಪ್ರಜೆಗಳನ್ನು ಸುಲಿದರು.’

“ಕೆರೆ ಬೇಡ,” ಎಂದು ಒರೆಸಿದಳು. “ಹಲವರು, ಕೆಲವರು, ಇವೆಲ್ಲ ಜೊಳ್ಳು.” ಆ ಮೂರರ ಜಾಗದಲ್ಲಿ ಉಳಿದದ್ದು ಒಂದೇ ವಾಕ್ಯ: ‘ವಿಜಯನಗರದ ಪತನದ ನಂತರ ಇವರು ಸ್ವತಂತ್ರರಾಗಿ ಪ್ರಜೆಗಳನ್ನು ಸುಲಿದರು.’

“ಎಲ್ರೂ ಸುಲೀನಿಲ್ವಲ್ಲ, ಮೇಡಂ,” ಎಂದ ನಟರಾಜು.

“ಎರಡು ಮಾರ್ಕಿಗೆ ಇಷ್ಟು ಸಾಕು ಕಣಪ್ಪ.” ಮೆಚ್ಚುಗೆಗೆಂದು ಕೆಳಗೆ ಅವನ ಹೆಸರನ್ನೂ ಬರೆದಳು.

ಹಿಂದಿನ ಬೆಂಚಿನಿಂದ ಯಾರೋ ಫೋಟೋ ತೆಗೆದರು. ಅದೇ ತರಗತಿಯಲ್ಲಿ ಮಣಿಕಂಠ ಎಂಬ ಹುಡುಗನಿದ್ದ. ತಾವು ಪಾಳೆಯಗಾರರ ವಂಶದವರೆಂದು ಅವನ ಮನೆಯವರು ಊರೆಲ್ಲ ಹೇಳಿಕೊಳ್ಳುತ್ತಿದ್ದರು. ಸಂಜೆ ಬಸ್ಸಿನಲ್ಲಿ ಹುಡುಗರು ಅವನನ್ನು ‘ಸುಲಿಗೆ ದೊರೆ’ ಎಂದು ಕರೆದರು. ಮಂಗಳವಾರ ಆ ಫೋಟೋ ಸುತ್ತಿನ ಊರುಗಳ ಫೋನುಗಳನ್ನೆಲ್ಲ ಸುತ್ತಿತು. ಮಣಿಕಂಠನ ಅಣ್ಣ ಪರಮೇಶನಿಗೆ ಬಂದಾಗ ಅದರ ಮೇಲೆ ಯಾರೋ ಅವನ ಅಪ್ಪನ ಚಿತ್ರ ಅಂಟಿಸಿದ್ದರು.

ಬುಧವಾರ ಊಟದ ಬಿಡುವಿನಲ್ಲಿ ಎರಡು ಬೈಕು ಗೇಟಿನೊಳಗೆ ನುಗ್ಗಿದವು. ಕುಸುಮ ಸ್ಟಾಫ್ ರೂಮಿನಲ್ಲಿ ಬುತ್ತಿ ಬಿಚ್ಚುತ್ತಿದ್ದಳು. ಕಿರುಚಾಟ ಕೇಳಿ ಹೊರಗೆ ಓಡಿ ಬಂದಾಗ ನಟರಾಜು ಆಗಲೇ ನೆಲದ ಮೇಲಿದ್ದ. ಇಬ್ಬರು ಅವನ ಕಾಲು ತುಳಿದು ಹಿಡಿದಿದ್ದರು. ಪರಮೇಶನ ಕೈಯಲ್ಲಿ ಕಬ್ಬಿಣದ ಸಲಾಕೆ ಇತ್ತು.

“ಯಾವ ಕೈಲಿ ಬರ್ದ್ಯಲಾ? ತೋರ್ಸು.”

ಹುಡುಗ ತಲೆ ಕಾಪಾಡಿಕೊಳ್ಳಲು ಎರಡೂ ಕೈ ಎತ್ತಿದ. ಸಲಾಕೆ ಬಲಗೈಗೆ ಬಿತ್ತು. ಒಣ ಸೌದೆ ಮುರಿದ ಸದ್ದಾಯಿತು. ಎರಡನೆಯ ಏಟು ಮೊಣಕೈ ಕೆಳಗೆ, ಮೂರನೆಯದು ಬೆರಳುಗಳ ಮೇಲೆ. ನಟರಾಜು ಕೈಯನ್ನು ಎದೆಗೆ ಅವುಚಿಕೊಂಡ.

ಕುಸುಮ ನಡುವೆ ನುಗ್ಗಿದಳು. “ಅವನನ್ನ ಬಿಡು. ಆ ವಾಕ್ಯ ಬರೆದವಳು ನಾನು.”

“ಅವ್ನೆಸ್ರು ಯಾಕದೆ ಮತ್ತೆ?” ಎಂದು ಪರಮೇಶ ಅವಳನ್ನು ಹಿಂಗೈಯಿಂದ ಬೀಸಿ ಹೊಡೆದ. ಅವಳ ತಲೆ ಕಂಬಕ್ಕೆ ಬಡಿಯಿತು. ಕಣ್ಣಿಗೆ ರಕ್ತ ಇಳಿಯಿತು. ಅದರ ಮಸುಕಿನಲ್ಲಿ ಅವಳಿಗೆ ಕಂಡದ್ದು, ಮಣಿಕಂಠ ಅಣ್ಣನ ಸೊಂಟಕ್ಕೆ ಜೋತುಬಿದ್ದು “ಬುಡಣ್ಣ, ಸಾಯ್ತಾನೆ ಕಣಣ್ಣ” ಎನ್ನುತ್ತಿದ್ದುದು. ಅಣ್ಣ ಮೊಣಕೈಯಿಂದ ಅವನ ಮೂಗಿಗೇ ಗುದ್ದಿದ. ಅಷ್ಟರಲ್ಲಿ ರಸ್ತೆಯ ಜನ ಒಳಗೆ ಬಂದರು, ಬೈಕುಗಳು ಹೊರಟುಹೋದವು.

ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಕುಸುಮಳ ಹುಬ್ಬಿಗೆ ಐದು ಹೊಲಿಗೆ ಬಿತ್ತು. ನಟರಾಜುವಿನ ಕೈಗೆ ರಾಡು ಹಾಕಬೇಕು ಎಂದರು. ಸಂಜೆ ನಾಲ್ಕಕ್ಕೆ ಅವನ ಅಪ್ಪ ಶಿವಯ್ಯ ಬಂದ. ಕಾಡಿನ ಕೂಲಿಗೆ ಹೋದವನು ಕೆಲಸದ ಬಟ್ಟೆಯಲ್ಲೇ ಬಂದಿದ್ದ. ಜೊತೆಗೆ ಏಳೆಂಟು ನೆಂಟರು. ಅದೇ ಹೊತ್ತಿಗೆ ಮಣಿಕಂಠ ಮೂಗಿಗೆ ಹತ್ತಿ ತುರುಕಿಕೊಂಡು ಆಸ್ಪತ್ರೆಯ ಅಂಗಳದಲ್ಲಿ ನಿಂತಿದ್ದ. ಒಳಗೆ ಬರಲು ಅವನಿಗೆ ಧೈರ್ಯವಾಗಿರಲಿಲ್ಲ.

“ಇವ್ನೇ ಕಣ್ಲಾ ಅವನ ತಮ್ಮ,” ಎಂದಿತು ಒಂದು ದನಿ.

ನೆಂಟರು ಅವನ ಕೊರಳಪಟ್ಟಿ ಹಿಡಿದು ಆಂಬುಲೆನ್ಸಿನ ಮಗ್ಗುಲಿಗೆ ಎಳೆದೊಯ್ದರು. ಹೊಟ್ಟೆಗೆ ಒದ್ದರು. ಬಿದ್ದವನ ಬಲಗೈಯನ್ನು ಒಬ್ಬ ನೆಲಕ್ಕೆ ಒತ್ತಿ ಹಿಡಿದ. ಇನ್ನೊಬ್ಬ ದಪ್ಪ ಕಲ್ಲೊಂದನ್ನು ಎತ್ತಿಕೊಂಡ. “ಲೆಕ್ಕ ಸರೀಗಾಗ್ಲಿ.”

ಕುಸುಮ ಓಡಿದಳು. ಈ ಸಲ ಮಾತಾಡಲು ಹೋಗದೆ ಹುಡುಗನ ಕೈಯ ಮೇಲೆ ಕವುಚಿ ಮಲಗಿದಳು. ಕಲ್ಲು ಅವಳ ಹೆಗಲಿಗೆ ಬಿತ್ತು. ಉಸಿರು ಸಿಕ್ಕಿಕೊಂಡಿತು. ಎರಡನೆಯ ಸಲ ಎತ್ತಿದ ಕೈಯನ್ನು ಶಿವಯ್ಯ ಹಿಂದಿನಿಂದ ಹಿಡಿದ.

“ಸಾಕು ಬುಡ್ಲಾ.”

“ನಿನ್ ಮಗನ ಕೈ ಓಯ್ತಲ್ಲ, ಶಿವಯ್ಯ.”

“ಓಗಿದ್ದು ನನ್ ಮಗನ ಕೈ. ನಾ ಯೋಳ್ತಾ ಇವ್ನಿ, ಬುಡು.” ಅವನು ಕಲ್ಲನ್ನು ಕಿತ್ತುಕೊಂಡು ಚರಂಡಿಗೆ ಎಸೆದ. ಆಮೇಲೆ ಕುಸುಮಳನ್ನು ಎಬ್ಬಿಸಿ ಕೂರಿಸಿ ಕೇಳಿದ: “ಮೇಡಂ, ನಮ್ಮುಡ್ಗ ಅಂತಾದ್ದೇನು ಬರ್ದಿದ್ದ? ಓದಿ, ಕೇಳವ.”

ಬೋರ್ಡಿಗೆ ಬರೆಯಲು ಸೋಮವಾರ ತೆಗೆದುಕೊಂಡಿದ್ದ ನಟರಾಜುವಿನ ನೋಟು ಅವಳ ಚೀಲದಲ್ಲೇ ಇತ್ತು. ಅವನು ಬರೆದಿದ್ದ ಹಾಗೆಯೇ, ನಾಲ್ಕೂ ವಾಕ್ಯ ಓದಿದಳು. ಮಣಿಕಂಠ ನೆಲದಲ್ಲೇ ಕೂತು ಕೇಳಿದ. ಶಿವಯ್ಯ ನೋಟಿನ ಕಡೆ ಬಗ್ಗಿ ನೋಡಿದ.

“ಕೆರೆ ಕಟ್ಸುದ್ರು ಅಂತಾನೂ ಬರ್ದವ್ನಲ್ಲ.”

“ಬರೆದಿದ್ದ. ನಾನು ಒರೆಸಿದೆ.”

“ಯಾಕೆ?”

ಎರಡು ವಾಕ್ಯದ ನಿಯಮವನ್ನು ಅವಳು ಹೇಳಬಹುದಿತ್ತು. ಆದರೆ ಆ ನಿಯಮದೊಳಗೇ ‘ವಿಜಯನಗರದ ಪತನದ ನಂತರ ಸ್ವತಂತ್ರರಾದವರಲ್ಲಿ ಕೆಲವರು ಕೆರೆ ಕಟ್ಟಿಸಿದರೆ ಕೆಲವರು ಪ್ರಜೆಗಳನ್ನು ಸುಲಿದರು’ ಎಂದು ಬರೆಯಲು ಜಾಗವಿತ್ತು. ಅದು ಅವಳಿಗೆ ಬೋರ್ಡಿನ ಮುಂದೆ ಹೊಳೆದಿರಲಿಲ್ಲ. “ಅವಸರ ಮಾಡಿದೆ, ಶಿವಯ್ಯ. ನಿಮ್ಮ ಮಗ ಸರಿ ಬರೆದಿದ್ದ. ನಾನು ತಪ್ಪು ಮಾಡಿದೆ,” ಎಂದಳು.

ಪೊಲೀಸರ ಮುಂದೆಯೂ ಅದನ್ನೇ ಹೇಳಿ ಸಹಿ ಹಾಕಿದಳು. ಹೆಗಲಿಗೆ ಬಿದ್ದ ಕಲ್ಲಿನ ಸಂಗತಿಯನ್ನೂ ಮುಚ್ಚಿಡಲಿಲ್ಲ. ಪರಮೇಶ ಮೂರನೆಯ ದಿನ ಯಳಂದೂರಿನ ನೆಂಟರ ಮನೆಯಲ್ಲಿ ಸಿಕ್ಕಿಬಿದ್ದ. ತಮ್ಮನೇ ಸಾಕ್ಷಿ ಹೇಳಿದ. ಅದಕ್ಕೆ ಅಪ್ಪ ಅವನಿಗೆ ಬೆಲ್ಟಿನಲ್ಲಿ ಬಾರಿಸಿ ಮನೆಯಿಂದ ಆಚೆ ಹಾಕಿದ. ಮಣಿಕಂಠ ಮಧುವನಹಳ್ಳಿಯ ಅತ್ತೆಯ ಮನೆಯಿಂದ ಪರೀಕ್ಷೆಗೆ ಬಂದ.

ನಟರಾಜು ಮೊದಲ ವರ್ಷದ ದಿವ್ಯ ಎಂಬ ಹುಡುಗಿಯ ಕೈಯಲ್ಲಿ ಬರೆಸಿದ. ಅದಕ್ಕೆ ಅನುಮತಿ ತರಲು ಕುಸುಮ ವೈದ್ಯರ ಚೀಟಿ ಹಿಡಿದು ನಾಲ್ಕು ದಿನ ಅಲೆದಿದ್ದಳು. ಇತಿಹಾಸದ ಪರೀಕ್ಷೆಯ ದಿನ ಅವಳು ಗೇಟಿನಾಚೆ ಶಿವಯ್ಯನ ಜೊತೆ ನಿಂತಿದ್ದಳು. ಹುಡುಗ ಹೊರಗೆ ಬಂದವನೇ ಕಲ್ಲುಬೆಂಚಿನ ಮೇಲೆ ಕುಸಿದ. ನೋವಿಗೆ ಮುಖವೆಲ್ಲ ಬೆವತಿತ್ತು.

“ಎಂಗಾಯ್ತು ಮಗ?” ಎಂದ ಶಿವಯ್ಯ.

“ಬಾಯಲ್ಲಿ ಹೇಳೋದು ಕಷ್ಟ, ಅಪ್ಪ. ಒಂದ್ಸಲ ಅಂದುಬುಟ್ರೆ ತಿರ್ಗಾ ನೋಡಾಕಾಗಲ್ಲ.”

ಅವನ ಎರಡು ಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ. ಕೊಳ್ಳೇಗಾಲದಲ್ಲಿ ಬಿ.ಎ. ಸೇರಿ, ಎಡಗೈಯಲ್ಲಿ ಬರೆಯುವುದನ್ನು ಕಲಿಯುತ್ತಿದ್ದಾನೆ.