ಎಡೆಯ ಆಲೂಗಡ್ಡೆ

ಅಮಾವಾಸ್ಯೆಯ ಮಧ್ಯಾಹ್ನ ಆಂಜಿನಮ್ಮ ತನ್ನ ಸತ್ತ ಅತ್ತೆಯ ಫೋಟೋ ಮುಂದಿಟ್ಟಿದ್ದ ಎಡೆಯಿಂದ ಒಂದು ತುತ್ತು ಆಲೂಗಡ್ಡೆ ಪಲ್ಯ ತೆಗೆದು ಮೊಮ್ಮಗಳ ಬಾಯಿಗಿಟ್ಟಳು. ನಾಲ್ಕು ವರ್ಷದ ಶಿವಾನಿ ಎರಡು ಸಲ ಅಗಿದು ಮುಖ ಕಿವುಚಿದಳು.

"ಕಹಿ ಐತಜ್ಜಿ. ಗಂಟ್ಲು ಉರೀತದೆ."

ಮೂರು ತಿಂಗಳ ಹಿಂದೆ ಅತ್ತೆ ವೆಂಕಟರತ್ನಮ್ಮ ಆಡಿದ್ದೂ ಇದೇ ಮಾತು. ಆವತ್ತು ಆಂಜಿನಮ್ಮ ಗದರಿಸಿದ್ದಳು. ಕೆಟ್ಟಿರೋದು ನಿನ್ನ ನಾಲಿಗೆ, ಪಲ್ಯ ಅಲ್ಲ, ಸುಮ್ಮನೆ ನುಂಗು ಅಂತ. ಎಂಬತ್ತು ದಾಟಿದ ಮುದುಕಿ ತಟ್ಟೆ ಖಾಲಿ ಮಾಡಿತು. ಸಂಜೆಗೆ ವಾಂತಿ ಭೇದಿ ಹಿಡಿಯಿತು, ಮೂರನೇ ದಿನ ಕೋಲಾರದ ಆಸ್ಪತ್ರೆಯಲ್ಲಿ ಉಸಿರು ನಿಂತಿತು. ವಯಸ್ಸಾಗಿತ್ತು, ಮೈಯಲ್ಲಿ ನೀರು ಬತ್ತಿತ್ತು ಅಂದರು ಡಾಕ್ಟರು. ಊರೂ ಒಪ್ಪಿತು. ಒಪ್ಪದೆ ಉಳಿದವಳು ಆಂಜಿನಮ್ಮ ಒಬ್ಬಳೇ. ಗದರಿಸಿ ಉಣ್ಣಿಸಿದ ಆ ತಟ್ಟೆ ಅವಳ ಕಣ್ಣಿಗೆ ಕಟ್ಟಿಕೊಂಡಿತ್ತು.

ಅತ್ತೆ ಮನೆ ಬಿಟ್ಟು ಹೋಗಿಲ್ಲ ಎಂದು ಅವಳಿಗೆ ಖಾತ್ರಿಯಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಮುದುಕಿ ಮಲಗುತ್ತಿದ್ದ ಕೋಣೆಗೆ ಕಾಲಿಟ್ಟರೆ ಯಾರೋ ಈಗ ತಾನೆ ಎದ್ದು ಕೂತಂತೆ ಅನ್ನಿಸುತ್ತಿತ್ತು. ಗೋಡೆಗೆ ತೂಗುಹಾಕಿದ್ದ ಬುಟ್ಟಿಯ ಈರುಳ್ಳಿಗಳೆಲ್ಲ ಒಂದೇ ವಾರದಲ್ಲಿ ಹಸಿರು ಬಾಲ ಬಿಟ್ಟವು. ಇದು ಅತ್ತೆಯ ಕೋಪವೇ ಸರಿ ಎಂದು ಹೆದರಿ ಅಷ್ಟನ್ನೂ ತಿಪ್ಪೆಗೆ ಸುರಿದು ಬಂದಳು. ಅದೇ ಕೋಣೆಯ ನೆಲದ ಮೇಲೆ ಹರಡಿದ್ದ ಆಲೂಗಡ್ಡೆಯನ್ನು ಮಾತ್ರ ಮುಟ್ಟಲಿಲ್ಲ. ಅವು ವಕ್ಕಲೇರಿ ಕಡೆಯ ಹೊಲಗಳಲ್ಲಿ ಗಡ್ಡೆ ಕಿತ್ತ ಮೇಲೆ ಉಳಿದ ಗೋಲಿಯಂಥ ಸಣ್ಣವು. ಅವಳೇ ಹಕ್ಕಲು ಆಯ್ದು ತಂದಿದ್ದು. ಹಲ್ಲಿಲ್ಲದ ಮುದುಕಿಗೆ ಸಿಪ್ಪೆ ಸಮೇತ ಬೇಯಿಸಿ, ಮಿದ್ದು ಒಗ್ಗರಣೆ ಹಾಕಿದರೆ ಆಯಿತು. ಮಿಕ್ಕವರು ಮುದ್ದೆ ಸಾರು ಉಣ್ಣುವವರು.

ಅತ್ತೆಗೆ ಇಷ್ಟವಾದದ್ದು ಆ ಪಲ್ಯ. ಸಿಟ್ಟಿಳಿಯಲಿ ಎಂದು ಪ್ರತಿ ಅಮಾವಾಸ್ಯೆ ಅದನ್ನೇ ಎಡೆ ಇಡತೊಡಗಿದಳು. ಹಿರಿಯರಿಗೆ ಇಟ್ಟ ಎಡೆಯನ್ನು ಮನೆಯ ಕಿರಿಯ ಕೂಸು ಉಂಡರೆ ಸತ್ತವರ ಹೊಟ್ಟೆ ತುಂಬುತ್ತದೆ ಎನ್ನುವುದು ಅವರ ಮನೆಯ ರೂಢಿ. ಮೊದಲ ಅಮಾವಾಸ್ಯೆ ಶಿವಾನಿ ಎರಡು ಸಲ ವಾಂತಿ ಮಾಡಿಕೊಂಡಳು. ಎರಡನೆಯದಕ್ಕೆ ಹೊಟ್ಟೆ ಹಿಡಿದುಕೊಂಡು ಎರಡು ದಿನ ಒದ್ದಾಡಿದಳು. ಮುದುಕಿಗೆ ಇನ್ನೂ ಸಮಾಧಾನವಾಗಿಲ್ಲ, ಮಗುವನ್ನು ಕೇಳುತ್ತಿದೆ ಎಂದುಕೊಂಡಳು ಆಂಜಿನಮ್ಮ. ಒಳಗೊಳಗೇ ಗಡ್ಡೆಯ ಮೇಲೂ ಸಣ್ಣ ಅನುಮಾನ ಇತ್ತು ಅನ್ನಿ, ಮೊಳಕೆ ಬಂದು ಸುಕ್ಕಾಗಿದ್ದವಲ್ಲ. ಆದರೆ ಬೆಂಕಿಗೆ ಬಗ್ಗದ್ದು ಏನಿದೆ? ಮೊದಲು ಮೂರು ಕೂಗು ಕೂಗಿಸುತ್ತಿದ್ದ ಕುಕ್ಕರನ್ನು ಎರಡನೇ ಸಲ ಐದು ಕೂಗಿಸಿದಳು. ಈ ಸಲ ಎಂಟು. ಮೊಳಕೆಗಳನ್ನು ಕೈಯಲ್ಲೇ ಚಿವುಟಿ, ಬೆಂದ ನೀರನ್ನೂ ಚೆಲ್ಲದೆ ಪಲ್ಯಕ್ಕೇ ಇಂಗಿಸಿದ್ದಳು.

ಅದಕ್ಕೇ ಮಗುವಿನ ಬಾಯಲ್ಲಿ ಕಹಿಯ ಮಾತು ಕೇಳಿ ಅವಳು ಹೆದರಿದ್ದು. ಇದು ಶಿವಾನಿಯ ಮಾತಲ್ಲ, ಅತ್ತೆಯೇ ಆಡಿಸುತ್ತಿರುವುದು. ಈಗ ಎಡೆ ಬಿಟ್ಟರೆ ಕೋಪ ಇಮ್ಮಡಿಯಾಗುತ್ತದೆ. ನನ್ನ ಬಂಗಾರ ಅಲ್ಲವಾ ಎಂದು ಪುಸಲಾಯಿಸಿ ಎಲೆಯಲ್ಲಿದ್ದದ್ದನ್ನೆಲ್ಲ ಉಣ್ಣಿಸಿಯೇ ಬಿಟ್ಟಳು.

ಹೊತ್ತು ಮುಳುಗುವ ಮೊದಲೇ ಮಗು ವಾಂತಿ ಶುರುವಿಟ್ಟಿತು. ನಿಲ್ಲಲಿಲ್ಲ. ಕಣ್ಣು ಗುಳಿಬಿದ್ದವು, ಕತ್ತು ನಿಲ್ಲದಾಯಿತು. ಮಗ ಸೀನ ಬೈಕು ತೆಗೆದ, ಸೊಸೆ ಶಿರೀಷಾ ಮಗುವನ್ನು ಮಡಿಲಿಗೆ ಹಾಕಿಕೊಂಡು ಕೂತಳು, ಕೋಲಾರಕ್ಕೆ ಓಡಿದರು. ಒಂಟಿಯಾಗಿ ಉಳಿದ ಆಂಜಿನಮ್ಮ ಕೋಣೆಯ ಹೊಸ್ತಿಲಲ್ಲಿ ಕೂತು, ನನ್ನ ತಗೋ ಅತ್ತೆ, ಕೂಸನ್ನ ಬಿಡು ಎಂದು ಬೇಡಿಕೊಂಡಳು. ಒಳಗೆ ಏನೋ ಸರಿದಾಡಿದಂತಾಯಿತು. ಇಲಿಯೇ ಇರಬೇಕು. ಅವಳು ಹಾಗೆಂದುಕೊಳ್ಳಲಿಲ್ಲ.

ಡ್ರಿಪ್ ಹಾಕಿದ ಮೇಲೆ ಮಗು ಸುಧಾರಿಸಿತು. ಬೆಳಗ್ಗೆ ಸೀನ ಫೋನ್ ಮಾಡಿ, ಮಗು ಏನೇನು ತಿಂದಿತ್ತೋ ತಗೊಂಡು ಬಾ ಅಂತ ನರ್ಸು ಹೇಳ್ತಾರೆ ಅಂದ. ಆಂಜಿನಮ್ಮ ತಿಪ್ಪೆ ಕೆದಕಿ, ಬಾಲ ಬಿಟ್ಟು ಕೊಳೆಯದೆ ಉಳಿದಿದ್ದ ಎರಡು ಈರುಳ್ಳಿ ಹೆಕ್ಕಿದಳು, ನಾಲ್ಕು ಆಲೂಗಡ್ಡೆ ಸೇರಿಸಿಕೊಂಡು ಬಸ್ಸು ಹತ್ತಿದಳು.

ನರ್ಸು ಗಂಗಾಲಕ್ಷ್ಮಿ ಮುಳಬಾಗಿಲಿನವಳು, ನಡುವಯಸ್ಸಿನವಳು, ಮಾತು ನೇರ. ಆಂಜಿನಮ್ಮ ಮೊದಲು ಈರುಳ್ಳಿಯನ್ನೇ ಮುಂದಿಟ್ಟು, ಇದರಿಂದಲೇ ಎಲ್ಲ ಶುರುವಾದದ್ದು ಅಂದಳು. ಗಂಗಾಲಕ್ಷ್ಮಿ ಹಿಸುಕಿ ನೋಡಿ ಪಕ್ಕಕ್ಕಿಟ್ಟಳು. ಮೊಳಕೆ ಬಂದ ಈರುಳ್ಳಿಯಲ್ಲಿ ವಿಷವಿಲ್ಲ, ಕೊಳೆತಿದ್ದರೆ ಬಿಸಾಡಬೇಕು, ಇಲ್ಲದಿದ್ದರೆ ಆ ಹಸಿರು ಬಾಲವನ್ನೂ ಹೆಚ್ಚಿ ಹಾಕಬಹುದು ಅಂದಳು. ಆಮೇಲೆ ಒಂದು ಆಲೂಗಡ್ಡೆ ಎತ್ತಿ ಬೆಳಕಿಗೆ ತಿರುಗಿಸಿದಳು. ಅದರ ಅರ್ಧ ಮೈ ಹಸಿರಾಗಿತ್ತು.

"ಇದನ್ನ ಮಗೂಗೆ ಕೊಟ್ರಾ?"

"ಚೆನ್ನಾಗಿ ಬೇಯಿಸಿದ್ದೆ ಕಣಮ್ಮ. ಎಂಟು ಕೂಗು."

"ಎಂಬತ್ತು ಕೂಗಿಸಿದ್ರೂ ಅಷ್ಟೇ ಆಂಜಿನಮ್ಮ. ಇದರ ವಿಷ ಬೇಯಿಸಿದ್ರೆ ಹೋಗಲ್ಲ."

ಅವಳು ಬಿಡಿಸಿ ಹೇಳಿದಳು. ಬೆಳಕು ಬಿದ್ದರೆ ಗಡ್ಡೆ ಹಸಿರಾಗುತ್ತದೆ. ಹಸಿರು ಬಣ್ಣವೇ ವಿಷವಲ್ಲ, ಆದರೆ ಅದೇ ಬೆಳಕಿಗೆ ಸಿಪ್ಪೆಯಲ್ಲಿ, ಕಣ್ಣುಗಳಲ್ಲಿ ವಿಷವೂ ಏರುತ್ತದೆ, ಮೊಳಕೆಯಲ್ಲಂತೂ ಎಲ್ಲಕ್ಕಿಂತ ಜಾಸ್ತಿ. ಕುದಿಸಿದರೆ ಚೂರುಪಾರು ನೀರಿಗೆ ಇಳಿಯಬಹುದು, ಆ ನೀರನ್ನೂ ಪಲ್ಯಕ್ಕೆ ಇಂಗಿಸಿದರೆ ಅದೂ ಹೊಟ್ಟೆಗೇ. ಒಗ್ಗರಣೆಯ ಎಣ್ಣೆಯಲ್ಲಿ ಹುರಿದರೂ ಅದು ಸಾಯುವುದಿಲ್ಲ. ಎಲ್ಲೋ ಒಂಚೂರು ಹಸಿರಿದ್ದರೆ ಸಿಪ್ಪೆ ದಪ್ಪಗೆ ಹೆರೆದು, ಕಣ್ಣನ್ನು ಆಳವಾಗಿ ಕೆತ್ತಿ ತೆಗೆಯಬೇಕು. ಇಷ್ಟು ಹಸಿರಾಗಿ ಮೊಳೆತದ್ದನ್ನು ಬಿಸಾಡುವುದೇ. ನಾಲಿಗೆಗೆ ಕಹಿ ಹತ್ತಿ ಗಂಟಲು ಉರಿದರೆ ಅಲ್ಲಿಗೇ ಉಗಿಯಬೇಕು. ಗಡ್ಡೆಯನ್ನು ಎಲ್ಲಿಟ್ಟಿದ್ದಿರಿ ಎಂದು ಕೊನೆಗೆ ಕೇಳಿದಳು.

ಅತ್ತೆಯ ಕೋಣೆಯಲ್ಲಿ. ಆ ಕೋಣೆ ಮೊದಲು ಕಗ್ಗತ್ತಲು, ಎಷ್ಟೋ ವರ್ಷ ಗಡ್ಡೆ ಅಲ್ಲೇ ಇಟ್ಟು ತಿಂದು ಯಾರಿಗೂ ಏನೂ ಆಗಿರಲಿಲ್ಲ. ಈ ವರ್ಷ ಸಂಕ್ರಾಂತಿ ಕಳೆದ ಮೇಲೆ, ಕಣ್ಣು ಮಂಜಾದ ಅತ್ತೆಗೆ ಬೆಳಕಾಗಲಿ ಎಂದು ಹಟ ಹಿಡಿದು ಮಾಡಿಗೆ ಗಾಜಿನ ಹೆಂಚು ಹಾಕಿಸಿದವಳು ಆಂಜಿನಮ್ಮನೇ. ಕೇಳಲೋ ಬೇಡವೋ ಎಂದು ತಡವರಿಸಿ ಅವಳು ಕೇಳಿಯೇ ಬಿಟ್ಟಳು. ವಯಸ್ಸಾದವರು ಇದನ್ನು ತಿಂದು ಸಾಯುತ್ತಾರಾ? ಅಪರೂಪ, ಆದರೆ ಮೊದಲೇ ಬಳಲಿದ ಜೀವ ವಾಂತಿಭೇದಿ ತಡೆಯುವುದು ಕಷ್ಟ, ಹೋದವರ ವಿಷಯ ಈಗ ಯಾರೂ ಹೇಳಲಾರರು ಅಂದಳು ಗಂಗಾಲಕ್ಷ್ಮಿ. ಅಷ್ಟು ಸಾಕಾಯಿತು ಆಂಜಿನಮ್ಮನಿಗೆ.

ಮಧ್ಯಾಹ್ನ ಮಗುವನ್ನು ಮನೆಗೆ ಕಳಿಸಿದರು. ಶಿರೀಷಾ ಕೋಣೆಯ ಗಡ್ಡೆಯನ್ನೆಲ್ಲ ಬಾಚಿ, ಹಸುವಿನ ಬಾಯಿಗೂ ಸಿಗದಂತೆ ಹಿತ್ತಲಲ್ಲಿ ಗುಂಡಿ ತೋಡಿ ಹೂತಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ಕಳೆ ಬಂದಿತ್ತು.

"ಸುಮ್ನೆ ಹೆದರ್ಕೊಂಡಿದ್ವಿ ಅತ್ತೆ. ಸತ್ತ ಅಜ್ಜಿ ಕೋಪಾನೂ ಇಲ್ಲ, ಗಾಳೀನೂ ಇಲ್ಲ. ಇನ್ನು ನೀವು ನೆಮ್ಮದಿಯಾಗಿರಿ."

ಆಂಜಿನಮ್ಮ ಅತ್ತೆಯ ಕೋಣೆಗೆ ಹೋದಳು. ಖಾಲಿ ನೆಲದ ಮೇಲೆ ಬಿಸಿಲು ಬಿದ್ದಿತ್ತು. ಮೂರು ತಿಂಗಳಿಂದ ಇಲ್ಲಿ ಕಾಲಿಟ್ಟಾಗಲೆಲ್ಲ ಬೆನ್ನಿಗೆ ಯಾರೋ ನಿಂತಂತಾಗಿ ಮೈ ಜುಮ್ಮೆನ್ನುತ್ತಿತ್ತು. ಈಗ ಕಾದಳು. ಏನೂ ಆಗಲಿಲ್ಲ. ಅತ್ತೆ, ಎಂದು ಮೆಲ್ಲಗೆ ಕರೆದಳು. ಇನ್ನೊಂದು ಸಲ ಸ್ವಲ್ಪ ಜೋರಾಗಿ ಕರೆದಳು.

ಕೋಪ ಮಾಡಿಕೊಂಡು ಮುದುಕಿ ಇಲ್ಲೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಕಾಲಿಗೆ ಬಿದ್ದು, ನೀನು ಹೇಳಿದ್ದು ನಿಜ ಅತ್ತೆ, ಅದು ಕಹಿಯಾಗೇ ಇತ್ತು ಎಂದು ಒಪ್ಪಿಕೊಳ್ಳಬಹುದಿತ್ತು. ಹೊರಗಿನಿಂದ ಶಿರೀಷಾ, ಯಾರ ಜೊತೆ ಮಾತಾಡ್ತಿದ್ದೀರ ಅತ್ತೆ ಎಂದು ಕೇಳಿದಳು.

"ಯಾರೂ ಇಲ್ಲ ಕಣಮ್ಮ" ಅಂದಳು ಆಂಜಿನಮ್ಮ. ಅಂದ ಮೇಲೆ ಅವಳಿಗೆ ಅಳು ತಡೆಯಲಾಗಲಿಲ್ಲ.