ಹದಿನೇಳನೇ ನಂಬರಿನ ನಾಲ್ಕು ಜನ

ಮೂಡಬಿದಿರೆಯ ಆ ಆಫೀಸು ಒಂದು ಮೆಡಿಕಲ್ ಶಾಪಿನ ಮಾಳಿಗೆಯಲ್ಲಿತ್ತು. ಮೆಟ್ಟಿಲು ಹತ್ತಿ ಬರುವಾಗಲೇ ಶಶಿಪ್ರಭಾಳಿಗೆ ಮೊಣಕಾಲು ಹಿಡಿದಿತ್ತು. ಬೆಳಿಗ್ಗೆ ಬಿ.ಸಿ.ರೋಡಿನಿಂದ ಸಿದ್ಧಕಟ್ಟೆಯ ದಾರಿಯಾಗಿ ಬಂದ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿರಲಿಲ್ಲ. ವಯಸ್ಸು ನಲವತ್ತೇಳು. ಸಾಫ್ಟ್‌ವೇರ್ ಕಂಪೆನಿಯಲ್ಲಿ ಸರ್ವರಿನ ಒಳಕೆಲಸ ಮಾಡುತ್ತ ಹತ್ತೊಂಬತ್ತು ವರ್ಷ ಕಳೆದಿದ್ದಳು. ಹಳೆಯ ಕಂಪೆನಿ ಅವಳ ವಿಭಾಗವನ್ನೇ ಮುಚ್ಚಿ ಏಳು ತಿಂಗಳಾಗಿತ್ತು. ಇದು ಹನ್ನೆರಡನೆಯ ಸಂದರ್ಶನ. ಇದೂ ಆಗದಿದ್ದರೆ ಈ ವಿದ್ಯೆಗೆ ಕೈಮುಗಿದು ಅಕ್ಕ ನೀಲಾವತಿಯ ಬೇಕರಿ ಕೌಂಟರಿನಲ್ಲಿ ಕೂರುವುದೆಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

ಎದುರಿಗೆ ಇಬ್ಬರು. ಕಂಪೆನಿ ಕಟ್ಟಿದ ನೌಫಲ್‌ಗೆ ಮೂವತ್ತು ದಾಟಿದ್ದರೆ ಹೆಚ್ಚು. ಪಕ್ಕದಲ್ಲಿ ಎಂಜಿನಿಯರುಗಳ ಮುಖ್ಯಸ್ಥ ರಂಜಿತ್. ಕೆಲಸ ಸಿಕ್ಕಿದರೆ ಇವನ ಕೈಕೆಳಗೆ ದುಡಿಯಬೇಕು. ಡಾಕ್ಟರರ ಟೋಕನ್ ಬುಕ್ ಮಾಡುವ ಆಪ್ ಇವರದು.

"ಪ್ರಶ್ನೆ ಸಣ್ಣದು ಮೇಡಂ," ಎಂದ ನೌಫಲ್. "ನೂರಹತ್ತು ಡಾಕ್ಟರರು, ಒಬ್ಬೊಬ್ಬರಿಗೆ ನಲ್ವತ್ತು ಟೋಕನ್. ಬೆಳಿಗ್ಗೆ ಆರಕ್ಕೆ ಓಪನ್. ಆರಕ್ಕೆ ಸರಿಯಾಗಿ ಇಪ್ಪತ್ತು ಸಾವಿರ ಜನ ಒಟ್ಟಿಗೆ ಒತ್ತುತ್ತಾರೆ. ನೀವಾದ್ರೆ ಹೇಗೆ ಕಟ್ತೀರಿ?"

ಶಶಿಪ್ರಭಾ ಮಾರ್ಕರ್ ಹಿಡಿದು ಬೋರ್ಡಿನ ಮುಂದೆ ನಿಂತಳು. ಇಂಥ ಕಡೆ ಕೇಳುವವರಿಗೆ ಏನು ಬೇಕೆಂದು ಅವಳಿಗೆ ಬಾಯಿಪಾಠ. ಹತ್ತು ಚೌಕ, ಇಪ್ಪತ್ತು ಬಾಣ, ದೊಡ್ಡ ದೊಡ್ಡ ಹೆಸರು. ಇವತ್ತು ಅಷ್ಟೆಲ್ಲ ಬರೆಯುವುದಕ್ಕೆ ಕೈಯೇ ಏಳಲಿಲ್ಲ.

"ಮೊದಲು ಲೆಕ್ಕ ಹಾಕುವ," ಎಂದಳು. "ಇಪ್ಪತ್ತು ಸಾವಿರ ಜನ, ಒಬ್ಬೊಬ್ಬರು ಮೂರು ಸಲ ಒತ್ತಿದರೂ ಅರವತ್ತು ಸಾವಿರ. ಎಲ್ಲ ಹತ್ತೇ ಸೆಕೆಂಡಿನಲ್ಲಿ ಬಂತು ಅಂತ ಇಟ್ಟುಕೊಳ್ಳಿ, ಸೆಕೆಂಡಿಗೆ ಆರು ಸಾವಿರ. ಆದ್ರೆ ಕೊಡ್ಲಿಕ್ಕೆ ಇರುವುದು ನಾಲ್ಕು ಸಾವಿರದ ನಾನೂರು ಟೋಕನ್ ಮಾತ್ರ. ಹಾಗಾಗಿ ಈ ಸಿಸ್ಟಮಿನ ದೊಡ್ಡ ಕೆಲಸ ಟೋಕನ್ ಕೊಡುವುದಲ್ಲ, ಇಲ್ಲ ಅಂತ ಹೇಳುವುದು. ಅದನ್ನು ಅಗ್ಗದಲ್ಲಿ ಹೇಳಬೇಕು."

ರಂಜಿತ್ ಪೆನ್ನು ತಿರುಗಿಸುತ್ತ ಕೂತಿದ್ದ. "ಹೇಗೆ?"

"ಒಬ್ಬ ಹೆಸರಾಂತ ಡಾಕ್ಟರರಿಗೆ ಎಲ್ಲರೂ ಒಟ್ಟಿಗೆ ಒತ್ತಿದರೆ ಡೇಟಾಬೇಸಿನಲ್ಲಿ ಅವರ ಲೆಕ್ಕ ಬರೆದ ಒಂದೇ ಸಾಲಿಗೆ ಎಲ್ಲರ ಕ್ಯೂ. ಒಬ್ಬರಾದ ಮೇಲೆ ಒಬ್ಬರು. ನಲ್ವತ್ತು ಮುಗಿದ ಮೇಲೂ ಆ ಕ್ಯೂವಿನಲ್ಲಿ ನಿಲ್ಲಿಸುವುದು ಯಾಕೆ? ಸರ್ವರಿನ ಮೆಮೊರಿಯಲ್ಲಿ ‘ಭರ್ತಿ’ ಅಂತ ಗುರುತು. ಬಾಗಿಲಿನಿಂದಲೇ ವಾಪಸ್. ಗುರುತು ಎರಡು ಸೆಕೆಂಡು ತಡವಾದ್ರೂ ತೊಂದರೆಯಿಲ್ಲ, ಕಡೇ ಮಾತು ಡೇಟಾಬೇಸಿನದ್ದೇ."

"ಎದುರಿಗೆ ಒಂದು ಕ್ಯೂ ಸಿಸ್ಟಮ್ ಬೇಡವಾ? ಎಲ್ಲರೂ ಹಾಕ್ತಾರೆ," ಎಂದ ರಂಜಿತ್.

"ಹಾಕಬಹುದು, ನೂಕುನುಗ್ಗಲು ಕಡಿಮೆಯಾಗ್ತದೆ. ಆದ್ರೆ ಒತ್ತಿದವನಿಗೆ ಉತ್ತರ ಕೂಡಲೇ ಸಿಗುವುದಿಲ್ಲ, ಕಾಯಿರಿ ಅಂತ ಬರ್ತದೆ. ನೆಟ್‌ವರ್ಕ್ ಬಂದು ಹೋಗುವ ಜಾಗದಲ್ಲಿ ಅವನು ಎಷ್ಟು ಹೊತ್ತು ಕಾಯ್ಬೇಕು? ಈ ಲೆಕ್ಕಕ್ಕೆ ಒಂದು ಡೇಟಾಬೇಸ್, ಅದು ಕೆಟ್ಟರೆ ಇರಲಿ ಅಂತ ಅದರದ್ದೇ ನಕಲು ಇನ್ನೊಂದು ಸಾಕು. ಎರಡೂ ಕೈಕೊಟ್ಟರೆ ಟೋಕನ್ ನಿಲ್ಲಿಸುವ. ಒಂದೇ ನಂಬರ್ ಇಬ್ಬರಿಗೆ ಕೊಡುವುದಕ್ಕಿಂತ ಹತ್ತು ನಿಮಿಷ ಬಾಗಿಲು ಹಾಕುವುದು ಒಳ್ಳೆಯದು."

"ನಾಳೆ ಇಡೀ ರಾಜ್ಯಕ್ಕೆ ಹೋದ್ರೆ?" ನೌಫಲ್ ಕೇಳಿದ.

"ಒಬ್ಬ ಡಾಕ್ಟರರ ಟೋಕನಿಗೂ ಇನ್ನೊಬ್ಬರದ್ದಕ್ಕೂ ಸಂಬಂಧ ಇಲ್ಲ. ಡಾಕ್ಟರರ ಲೆಕ್ಕದಲ್ಲಿ ಪಾಲು ಮಾಡಿ ನಾಲ್ಕು ಡೇಟಾಬೇಸಿಗೆ ಹಂಚಬಹುದು. ಆದ್ರೆ ಇವತ್ತೇ ಹಂಚಿದ್ರೆ, ಬೇಡದ ನಾಲ್ಕು ಮನೆ ಗುಡಿಸಬೇಕು."

ನೌಫಲ್ ನಕ್ಕ. ರಂಜಿತ್ ನಗಲಿಲ್ಲ. "ಟೋಕನ್ ಆಯ್ತು, ಉತ್ತರ ಹೋಗುವಷ್ಟರಲ್ಲಿ ನೆಟ್‌ವರ್ಕ್ ಹೋಯ್ತು. ಅವ ಪುನಃ ಒತ್ತಿದ. ಎರಡು ಟೋಕನ್ ಆಗ್ತದಲ್ಲ?"

"ಆಗಬಾರದು." ಶಶಿಪ್ರಭಾ ಯೋಚಿಸದೆ ಬರೆದಳು: ಫೋನ್ ನಂಬರ್, ಡಾಕ್ಟರ್, ದಿನಾಂಕ. "ಈ ಮೂರೂ ಒಂದೇ ಆಗಿದ್ರೆ ಹೊಸತು ಬೇಡ, ಹಳೇ ಟೋಕನನ್ನೇ ವಾಪಸ್ ತೋರಿಸುವುದು."

ರಂಜಿತ್ ಮೊದಲ ಬಾರಿಗೆ ತಲೆಯಾಡಿಸಿದ. "ನಮ್ಮದೂ ಎರಡು ವರ್ಷದಿಂದ ಹಾಗೆಯೇ ಉಂಟು." ಎದುರಿನ ಕಾಗದದಲ್ಲಿ ಏನೋ ಗುರುತು ಹಾಕಿದ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಕುರ್ಚಿ ಎರಡು ಹೆಜ್ಜೆ ದೂರದಲ್ಲಿತ್ತು. ಆದರೆ ತಾನೇ ಬರೆದ ಮೂರು ಪದಗಳನ್ನು ನೋಡುತ್ತಿದ್ದಂತೆ ಅವಳಿಗೆ ಊರಿನ ಜೀಪು ನೆನಪಾಯಿತು. ಅವಳ ತವರು ನೆರಿಯ. ಕಾಡಂಚಿನ ಆ ಊರಿನಲ್ಲಿ ಡಾಕ್ಟರರ ಬಳಿ ಹೋಗುವವರೆಲ್ಲ ಜೀಪಿನ ಇಬ್ರಾಹಿಂ ಬ್ಯಾರಿಗೆ ಹಿಂದಿನ ದಿನವೇ ಹೆಸರು ಹೇಳುತ್ತಾರೆ. ಅವರು ಸಿಗ್ನಲ್ ಇರುವ ತಿರುವಿನಲ್ಲಿ ಜೀಪು ನಿಲ್ಲಿಸಿ ಎಲ್ಲರದ್ದೂ ತಮ್ಮ ಫೋನಿನಲ್ಲೇ ಬುಕ್ ಮಾಡುತ್ತಾರೆ. ಆ ಬದಿಯ ಪದ್ಧತಿಯೇ ಅದು.

ರಂಜಿತ್ ಮಾಡಿದ್ದು ತಪ್ಪೆಂದು ಅವನ ಯಜಮಾನನ ಎದುರಿಗೇ ಹೇಳಿ ಅವನ ಕೈಕೆಳಗೆ ಕೆಲಸ ಕೇಳುವುದು ಹೇಗೆ? ಹೇಳದೆ ಹೋದರೆ ಅಕ್ಕನ ಬೇಕರಿಯಲ್ಲಿ ಕೂರುವುದು ತಪ್ಪುತ್ತದೆ. ಅವಳಿಗೆ ತುಂಬ ಆಯಾಸವಾಯಿತು. ಬೋರ್ಡು ಒರೆಸುವ ಬಟ್ಟೆ ತೆಗೆದುಕೊಂಡು ‘ಫೋನ್ ನಂಬರ್’ ಎಂಬುದನ್ನು ಒರೆಸಿಬಿಟ್ಟಳು.

"ನಾನು ಬರೆದದ್ದು ತಪ್ಪು. ಒಂದೇ ಫೋನಿನಿಂದ ನಾಲ್ಕು ಜನಕ್ಕೆ ಬುಕ್ ಮಾಡುವವರು ಉಂಟು. ಎರಡನೆಯವರಿಗೆ ಒತ್ತಿದಾಗ ನಮ್ಮ ಸಿಸ್ಟಮ್ ಎಂತ ಮಾಡ್ತದೆ? ಪುನಃ ಒತ್ತಿದ್ದು ಅಂತ ತಿಳಿದು ಮೊದಲನೆಯವರ ಟೋಕನನ್ನೇ ತೋರಿಸ್ತದೆ. ಬುಕ್ ಆಯ್ತು ಅಂತ ಹಸಿರು ಗುರುತು ಬೇರೆ."

"ಹಾಗೆ ಯಾರೂ ಮಾಡುವುದಿಲ್ಲ," ಎಂದ ರಂಜಿತ್. ಸ್ವರ ಗಟ್ಟಿಯಾಗಿತ್ತು. "ಮನೆಗೆ ಮೂರು ಫೋನ್ ಉಂಟು ಈಗ."

ಬಾಗಿಲ ಬಳಿ ಕಂಪ್ಯೂಟರಿನ ಮುಂದೆ ಕೂತು ದೂರಿನ ಫೋನು ತೆಗೆಯುತ್ತಿದ್ದ ಹಫ್ಸ ಕತ್ತು ತಿರುಗಿಸಿದಳು. "ರಂಜಿತಣ್ಣ, ಮೊನ್ನೆ ಹೇಳಿದ್ದೆನಲ್ಲ? ಉಜಿರೆಯ ಕ್ಲಿನಿಕ್ಕಿಗೆ ಹದಿನೇಳನೇ ನಂಬರ್ ಅಂತ ನಾಲ್ಕು ಜನ ಬಂದದ್ದು. ಡ್ರೈವರ್ ಬೈದದ್ದು ಇನ್ನೂ ಕಿವಿಯಲ್ಲುಂಟು. ಹದಿನೇಳು ಅಂದ್ರೆ ಇಡೀ ಜೀಪಿನ ನಂಬರ್ ಅಂತ ತಿಳಿದಿದ್ದರಂತೆ. ಮೂರು ಜನ ಮದ್ದಿಲ್ಲದೆ ವಾಪಸ್. ನೀವೆಂತ ಹೇಳಿದ್ರಿ? ಡ್ರೈವರ್ ಲೊಟ್ಟೆ ಬಿಡ್ತಾನೆ, ಎಲ್ಲ ಸುಳ್ಳು ಅಂತ!"

ರಂಜಿತ್ ಪೆನ್ನನ್ನು ಮೇಜಿನ ಮೇಲಿಟ್ಟ.

"ಫೋನ್ ನಂಬರ್ ಫೋನನ್ನು ಗುರುತಿಸ್ತದೆ, ಕೋರಿಕೆಯನ್ನಲ್ಲ," ಎಂದಳು ಶಶಿಪ್ರಭಾ ಮೆಲ್ಲಗೆ. "ಬುಕಿಂಗ್ ಫಾರ್ಮ್ ತೆರೆದ ಕೂಡಲೇ ಆಪ್ ಅದಕ್ಕೊಂದು ಗುರುತಿನ ಸಂಖ್ಯೆ ಕೊಡಲಿ. ಅದೇ ಫಾರ್ಮನ್ನು ಹತ್ತು ಸಲ ಒತ್ತಿದರೂ ಅದೇ ಸಂಖ್ಯೆ. ಬೇರೆಯವರಿಗೆ ಹೊಸ ಫಾರ್ಮ್, ಹೊಸ ಸಂಖ್ಯೆ. ಟೋಕನ್ ಬರೆಯುವಾಗ ಅದನ್ನೂ ಒಟ್ಟಿಗೇ ಬರೆಯುವುದು. ಬರೆದರೆ ಎರಡೂ, ಇಲ್ಲದಿದ್ರೆ ಎರಡೂ ಇಲ್ಲ."

"ಹಾಗಾದ್ರೆ ಒಬ್ಬನೇ ಕೂತು ನಲ್ವತ್ತೂ ಬಾಚಿಕೊಳ್ತಾನೆ," ಎಂದ ರಂಜಿತ್.

"ಬಾಚಬಹುದು. ಅದಕ್ಕೆ ಬೇರೆಯೇ ನಿಯಮ ಬೇಕು. ಒಂದು ಫೋನಿಗೆ ಆರು, ರೋಗಿಯ ಹೆಸರು ಕಡ್ಡಾಯ. ಆರೂ ಸುಳ್ಳು ಹೆಸರು ಕೊಡುವವ ಇದ್ದೇ ಇರ್ತಾನೆ. ಕಳ್ಳನಿಗೆ ಸ್ವಲ್ಪ ಬಿಡ್ತೀರಾ, ಜೀಪಿನವರನ್ನು ತಡೀತೀರಾ? ಅದನ್ನು ಡೇಟಾಬೇಸ್ ಹೇಳುವುದಿಲ್ಲ. ನೀವೇ ಹೇಳಬೇಕು."

ನೌಫಲ್ ರಂಜಿತ್‌ನತ್ತ ತಿರುಗಿದ. "ಇವರು ನಿನ್ನೊಟ್ಟಿಗೆ ಕೆಲಸ ಮಾಡುವವರು. ತೆಗೆದುಕೊಳ್ಳುವುದಾ ಬೇಡವಾ, ನೀನೇ ಹೇಳು ಮಾರಾಯ."

ರಂಜಿತ್ ಎದ್ದು ಅವಳ ಕೈಯಿಂದ ಮಾರ್ಕರ್ ತೆಗೆದುಕೊಂಡು, ಒರೆಸಿದ ಜಾಗದಲ್ಲಿ ‘ಕೋರಿಕೆಯ ಸಂಖ್ಯೆ’ ಎಂದು ಬರೆದ. ಕೆಳಗೊಂದು ಗೆರೆ ಎಳೆದ.

"ಹಳೇ ಆಪ್ ಇಟ್ಟುಕೊಂಡವರು ಅರ್ಧಕ್ಕರ್ಧ ಇದ್ದಾರೆ," ಎಂದ. "ಅವರ ಫೋನಿನಿಂದ ಈ ಸಂಖ್ಯೆ ಬರುವುದೇ ಇಲ್ಲ. ಸೋಮವಾರ ನೀವು ಬಂದ ಮೇಲೆ ಮೊದಲು ಅದನ್ನೇ ನೋಡಬೇಕು. ಎಂತ ಮಾಡುವ?"

ಶಶಿಪ್ರಭಾ ಕುರ್ಚಿ ಎಳೆದು ಕುಳಿತಳು. ಸಂತೋಷ ಬರಬೇಕಿತ್ತು. ಬಂದದ್ದು ಹಸಿವು.

"ಅವರಿಗೆ ಫೋನ್ ನಂಬರಿನ ಜೊತೆ ರೋಗಿಯ ಹೆಸರನ್ನೂ ಸೇರಿಸಿ ನೋಡುವ, ಸದ್ಯಕ್ಕೆ," ಎಂದಳು. "ಅದರಲ್ಲೂ ತೂತು ಉಂಟು. ಒಂದೇ ಹೆಸರಿನ ಇಬ್ಬರು ಒಂದೇ ಜೀಪಿನಲ್ಲಿ ಬಂದ್ರೆ ಕೆಡ್ತದೆ. ಊಟ ಮಾಡಿ ಬಂದು ಹೇಳ್ತೇನೆ, ಆಗಬಹುದಾ?"